ಆರೈಕೆಯ ಕೆಲಸ ಮುಗಿಯುವಾಗ: ಮುನ್ಸೂಚನೆ, ಕೊನೆಯ ಪಗಾರ, ಪರಿಚಯ ಪತ್ರ

ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳಲು ಇಟ್ಟುಕೊಂಡವರ ಕೆಲಸ ಮೂರು ಕಾರಣಕ್ಕೆ ಮುಗಿಯುತ್ತದೆ. ಹಿರಿಯರು ತೀರಿಕೊಳ್ಳುತ್ತಾರೆ, ಇಲ್ಲವೆ ಮಕ್ಕಳು ಅವರನ್ನು ತಮ್ಮ ಊರಿಗೆ ಕರೆದೊಯ್ಯುತ್ತಾರೆ, ಇಲ್ಲವೆ ಎರಡು ಕಡೆಯವರಲ್ಲಿ ಒಬ್ಬರಿಗೆ ಆ ಕೆಲಸ ಸಾಕಾಗುತ್ತದೆ. ಕೌಜಲಗಿಯಂಥ ಊರಿನಲ್ಲಿ ಎರಡನೆಯದು ಹೆಚ್ಚು. ಮಕ್ಕಳು ಬೆಳಗಾವಿ, ಪುಣೆ, ಬೆಂಗಳೂರಿನಲ್ಲಿ ನೌಕರಿಯಲ್ಲಿರುತ್ತಾರೆ, ಊರಿನ ಮನೆಯಲ್ಲಿ ತಾಯಿಯೊಬ್ಬರೇ ಇರುತ್ತಾರೆ. ಬಿದ್ದು ಸೊಂಟದ ಮೂಳೆ ಮುರಿದಾಗ ಘಟಪ್ರಭಾ, ಬೆಳಗಾವಿ ಅಥವಾ ಮಿರಜ್‌ನ ಆಸ್ಪತ್ರೆಯಲ್ಲಿ ಆಪರೇಷನ್ ಆಗುತ್ತದೆ. ಮನೆಗೆ ಬಂದ ಮೇಲೆ ಪಕ್ಕದ ಹಳ್ಳಿಯ ಪರಿಚಯದ ಹೆಣ್ಣುಮಗಳೊಬ್ಬರು ಹಗಲು-ರಾತ್ರಿ ಜೊತೆಗಿರಲು ಬರುತ್ತಾರೆ. ಒಂದೆರಡು ವರ್ಷ ಹೀಗೇ ನಡೆದು, ಊರಿನ ಮನೆಗೆ ಬೀಗ ಹಾಕುವ ದಿನ ಬರುತ್ತದೆ.

ಕೆಲಸಕ್ಕೆ ಬರುವಾಗ ಕಾಗದ ಆಗಿರುವುದಿಲ್ಲ. ಸಂಬಂಧಿಕರ ಮಾತಿನ ಮೇಲೆ, ತಿಂಗಳಿಗೆ ಇಷ್ಟು ಪಗಾರ, ಊಟ-ವಸತಿ ಮನೆಯಲ್ಲೇ ಎಂದು ಮುಗಿದಿರುತ್ತದೆ. ಬಿಡುವಾಗ ಏನು ಕೊಡಬೇಕು ಎಂದು ಆ ದಿನ ಯಾರೂ ಕೇಳಿರುವುದಿಲ್ಲ. ಬಿಡುವ ದಿನ ಬರುವ ಹೆಚ್ಚಿನ ಜಗಳಗಳು ಇಲ್ಲಿಂದಲೇ ಹುಟ್ಟುತ್ತವೆ.

ಕಾನೂನು ಎಷ್ಟು ದೂರ ಬರುತ್ತದೆ

ಕಾರ್ಖಾನೆಯ ಕಾರ್ಮಿಕರನ್ನು ಬಿಡಿಸುವಾಗ ಮುನ್ಸೂಚನೆ ಮತ್ತು ಪರಿಹಾರ ಕೊಡಬೇಕೆಂಬ ನಿಯಮ ಮನೆಯ ಹೊಸ್ತಿಲು ದಾಟುವುದಿಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ‘ಕೈಗಾರಿಕೆ’ ಎಂಬುದರ ವ್ಯಾಖ್ಯೆಯಿಂದ ಗೃಹಸೇವೆಯನ್ನು ಹೆಸರಿಸಿಯೇ ಹೊರಗಿಟ್ಟಿದೆ. ಮನೆಯಲ್ಲಿ ಕೆಲಸ ಮಾಡುವವರಿಗಾಗಿಯೇ ಒಂದು ಕಾನೂನು ಬೇಕೇ ಎಂಬುದನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಕೇಂದ್ರ ಸರ್ಕಾರಕ್ಕೆ ಹೇಳಿತು. ಕರ್ನಾಟಕ ಸರ್ಕಾರವೂ ಅದೇ ವರ್ಷ ಮನೆಗೆಲಸದವರ ಸಾಮಾಜಿಕ ಭದ್ರತೆಯ ಕರಡು ಮಸೂದೆಯೊಂದನ್ನು ಜನರ ಮುಂದಿಟ್ಟಿತು.

ಕಾನೂನಿನ ಬಲ ಇರುವುದು ಮುಖ್ಯವಾಗಿ ಪಗಾರದ ವಿಷಯದಲ್ಲಿ. ಮನೆಗೆಲಸದವರಿಗೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ಗೊತ್ತುಪಡಿಸಿತು. ಅದಕ್ಕೆ ಸೇರುವ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ಆ ವರ್ಷದ ದರ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ತಿಳಿಯುತ್ತದೆ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ಒಪ್ಪಿದ್ದೇನೆ ಎಂದು ಬರೆಸಿಕೊಂಡ ಕಾಗದಕ್ಕೆ ಬೆಲೆಯಿಲ್ಲ. ಆದ್ದರಿಂದ ಕೊನೆಯ ಲೆಕ್ಕಕ್ಕೆ ಕೂರುವ ಮೊದಲು ಕೊಟ್ಟ ಪಗಾರವನ್ನು ಆ ದರದೊಂದಿಗೆ ಹೋಲಿಸಿ ನೋಡಬೇಕು. ಕಡಿಮೆ ಕೊಟ್ಟಿದ್ದರೆ ಅದೇ ಮೊದಲ ಬಾಕಿ.

ಉಳಿದ ವಿಷಯಗಳಿಗೆ ಬೇರೆ ಕಡೆಯ ನಿಯಮವನ್ನು ಅಳತೆಯಾಗಿ ಇಟ್ಟುಕೊಳ್ಳಬಹುದು. 2019ರ ವೇತನ ಸಂಹಿತೆಯ 17ನೇ ಕಲಂ, ಕೆಲಸ ಬಿಟ್ಟವರಿಗೆ ಅಥವಾ ಬಿಡಿಸಿದವರಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕೆನ್ನುತ್ತದೆ. ಈ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ವ್ಯಾಪಾರ, ಉದ್ದಿಮೆ ನಡೆಯುವ ಜಾಗವನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದಾದರೂ, ಮನೆಯವರು ಅದಕ್ಕಿಂತ ಹೆಚ್ಚು ದಿನ ತೆಗೆದುಕೊಳ್ಳಲು ಕಾರಣವಿಲ್ಲ. ಮನೆಗೆಲಸದವರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ 189ನೇ ಒಡಂಬಡಿಕೆಯ ಜೊತೆಗೆ 201ನೇ ಶಿಫಾರಸನ್ನೂ ಒಪ್ಪಿತು. ಮಾಲೀಕರ ಮನೆಯಲ್ಲೇ ಉಳಿಯುವವರನ್ನು ಗುರುತರ ತಪ್ಪಿಲ್ಲದೆ ಬಿಡಿಸುವಾಗ ಸಾಕಷ್ಟು ಮುನ್ಸೂಚನೆ ಕೊಡಬೇಕು, ಆ ಅವಧಿಯಲ್ಲಿ ಹೊಸ ಕೆಲಸ ಮತ್ತು ವಸತಿ ಹುಡುಕಲು ಬಿಡುವನ್ನೂ ಕೊಡಬೇಕು ಎಂದು ಆ ಶಿಫಾರಸು ಹೇಳುತ್ತದೆ. ಭಾರತ ಒಡಂಬಡಿಕೆಯನ್ನು ಅಂಗೀಕರಿಸಿಲ್ಲ. ಆದರೂ ಹಗಲು-ರಾತ್ರಿ ಅಲ್ಲೇ ಉಳಿದವರಿಗೆ ಕೆಲಸ ಹೋಗುವುದೆಂದರೆ ಊಟ ಮತ್ತು ಮಲಗುವ ಜಾಗ ಒಂದೇ ದಿನ ಹೋಗುವುದು. ಈ ಮಾತು ಆ ಸಂಘಟನೆ ಕೂರುವ ಜಿನೀವಾದಷ್ಟೇ ಕೌಜಲಗಿಯಲ್ಲೂ ನಿಜ.

ಹೇಳುವ ಬಗೆ

ಹಗಲು-ರಾತ್ರಿ ಇರುವವರಿಗೆ ಒಂದು ತಿಂಗಳು, ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ ಕಡಿಮೆಯೆಂದರೆ ಹದಿನೈದು ದಿನ ಮೊದಲೇ ತಿಳಿಸುವುದು ನ್ಯಾಯವಾದ ಅಳತೆ. ಮನೆಯಲ್ಲಿ ಕೆಲಸ ಮುಗಿಸುವ ಮಾತು ಯಾವಾಗ ನಿರ್ಧಾರವಾಗುತ್ತದೋ ಆ ವಾರವೇ ಹೇಳಬೇಕು. ಮಕ್ಕಳು ಫೋನಿನಲ್ಲಿ ಮಾತಾಡುವುದು ಆರೈಕೆಗೆ ಇದ್ದವರ ಕಿವಿಗೆ ಹೇಗೂ ಬೀಳುತ್ತದೆ. ಬೀದಿಯವರಿಂದ ಸುದ್ದಿ ಮೊದಲು ತಿಳಿದರೆ ಅವರು ಮರುದಿನವೇ ಬೇರೆ ಮನೆ ನೋಡಿಕೊಂಡು ಹೋಗಬಹುದು, ಆಗ ಹಾಸಿಗೆಯಲ್ಲಿರುವ ಹಿರಿಯರು ಯಾರೂ ಇಲ್ಲದೆ ಉಳಿಯುತ್ತಾರೆ.

ಹೇಳಬೇಕಾದವರು ಪಗಾರ ಕೊಡುವವರು. ಹಿರಿಯರ ಬಾಯಿಂದ ಹೇಳಿಸಬಾರದು, ನೆರೆಯವರ ಕೈಯಲ್ಲಿ ಹೇಳಿ ಕಳಿಸಬಾರದು. ದೂರದಲ್ಲಿದ್ದರೆ ನೇರವಾಗಿ ಫೋನ್ ಮಾಡಿ, ಆಮೇಲೆ ಅದನ್ನೇ ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲು ಬರೆದು ಕಳಿಸಿದರೆ ತಾರೀಖಿಗೆ ಸಾಕ್ಷಿ ಉಳಿಯುತ್ತದೆ. ಮಾತು ನಾಲ್ಕು ವಿಷಯ ಹೇಳಿದರೆ ಸಾಕು: ಕೊನೆಯ ದಿನ, ಕಾರಣ, ಅಲ್ಲಿಯವರೆಗಿನ ಪಗಾರ, ಲೆಕ್ಕ ಮುಗಿಸುವ ದಿನ. “ಅಕ್ಕಾರ, ಮುಂದಿನ ತಿಂಗಳ ಇಪ್ಪತ್ತಕ್ಕ ಅವ್ವನ್ನ ಬೆಳಗಾವಿಗೆ ಕರ್ಕೊಂಡ ಹೋಗ್ತೇವಿ. ನಿಮ್ಮ ಕೆಲಸದಾಗ ಏನೂ ಕೊರತಿ ಇಲ್ಲ. ಅಲ್ಲೀತನಕ ಪಗಾರ ಹಂಗ ಇರ್ತದ, ಹತ್ತೊಂಬತ್ತಕ್ಕ ನಾನ ಬಂದು ಎಲ್ಲಾ ಲೆಕ್ಕ ಮುಗಸ್ತೀನಿ” ಎಂಬಷ್ಟೇ ಮಾತು. ಕಾರಣ ಬೇರೆಯಿದ್ದರೆ ಅದನ್ನೇ ಹೇಳಬೇಕು. ಬೆಳಗಾವಿಯ ನೆಪ ಹೇಳಿ ಮುಂದಿನ ವಾರ ಅದೇ ಮನೆಗೆ ಇನ್ನೊಬ್ಬರನ್ನು ತಂದರೆ ಊರಿಗೆಲ್ಲ ತಿಳಿಯುತ್ತದೆ, ಮತ್ತೆ ಆ ಮನೆಗೆ ಕೆಲಸಕ್ಕೆ ಬರಲು ಜನ ಹಿಂಜರಿಯುತ್ತಾರೆ.

ಮುನ್ಸೂಚನೆಯ ತಿಂಗಳಲ್ಲಿ ವಾರದ ಸೂಟಿಯ ಜೊತೆಗೆ ಎರಡು ಮೂರು ದಿನ ಪಗಾರ ಕಡಿಯದೆ ಬಿಡುವು ಕೊಟ್ಟರೆ, ಅವರು ಗೋಕಾಕ, ಮೂಡಲಗಿ ಕಡೆ ಹೋಗಿ ಬೇರೆ ಕೆಲಸ ವಿಚಾರಿಸಬಹುದು. ಬೇಸಿಗೆಯ ಕೊನೆಯಲ್ಲಿ ಕೆಲಸ ಬಿಡುವವರಿಗೆ ಇದು ಇನ್ನೂ ಮುಖ್ಯ. ಕಬ್ಬಿನ ಕಟಾವು ಮುಗಿದು ಮಳೆ ಬೀಳುವವರೆಗೆ ಹೊಲದ ಕೂಲಿಯೂ ಕಡಿಮೆ ಸಿಗುವ ಕಾಲ ಅದು.

ಹಿರಿಯರನ್ನು ಮುಂದೆ ನೋಡಿಕೊಳ್ಳುವವರಿಗೆ ಕೆಲಸ ಒಪ್ಪಿಸುವುದೂ ಈ ತಿಂಗಳಲ್ಲೇ ಆಗಬೇಕು. ಯಾವ ಗುಳಿಗೆ ಯಾವ ಹೊತ್ತಿಗೆ, ಯಾವ ಮಗ್ಗುಲಿಗೆ ಹೊರಳಿಸಿದರೆ ನೋವು, ಬೆನ್ನಿನಲ್ಲಿ ಎಲ್ಲಿ ಚರ್ಮ ಕೆಂಪಾಗುತ್ತದೆ, ರೊಟ್ಟಿಯನ್ನು ಎಷ್ಟು ನೆನೆಸಿ ಕೊಟ್ಟರೆ ನುಂಗುತ್ತಾರೆ ಎಂಬುದು ಎರಡು ವರ್ಷ ಪಕ್ಕದಲ್ಲಿ ಮಲಗಿದವರಿಗೆ ಗೊತ್ತಿರುತ್ತದೆ, ವೈದ್ಯರ ಚೀಟಿಯಲ್ಲಿ ಇರುವುದಿಲ್ಲ. ಸೊಸೆಯೋ ಹೊಸಬರೋ ಮೂರು ದಿನ ಜೊತೆಗಿದ್ದು ನೋಡಿ ಕಲಿಯಬೇಕು. ಬರೆದುಕೊಳ್ಳುವ ಕೆಲಸ ಮನೆಯವರದು.

ಒಂದು ಲೆಕ್ಕ

ಲೆಕ್ಕದ ದಾರಿ ತೋರಿಸಲು ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಆರೈಕೆಯ ಹೆಣ್ಣುಮಗಳು 2023ರ ಆಗಸ್ಟ್ 1ಕ್ಕೆ ಬಂದರು, ಕೊನೆಯ ಪಗಾರ ತಿಂಗಳಿಗೆ 15,600 ರೂಪಾಯಿ, ವಾರಕ್ಕೊಂದು ಸೂಟಿ. 2025ರ ಮೇ 20ಕ್ಕೆ ಮನೆಯವರು ಹೇಳಿದರು, ಜೂನ್ 20 ಕೊನೆಯ ದಿನ. ಮಗಳ ಶಾಲೆಗೆಂದು ಹಿಂದೆ ತೆಗೆದುಕೊಂಡ ಮುಂಗಡದಲ್ಲಿ 4,000 ಉಳಿದಿದೆ.

ಮೊದಲನೆಯದು ತುಂಬದ ಕೊನೆಯ ತಿಂಗಳ ಪಗಾರ. ಜೂನ್‌ಗೆ 30 ದಿನ, ಕೆಲಸ 20 ದಿನ, ಹಾಗಾಗಿ 15,600ರಲ್ಲಿ ಮೂರನೇ ಎರಡು ಪಾಲು, 10,400 ರೂಪಾಯಿ. ಇಲ್ಲಿ ಸೂಟಿಯ ದಿನಗಳನ್ನು ಕಳೆಯಬಾರದು. ತಿಂಗಳ ಪಗಾರದಲ್ಲಿ ಅವೂ ಸೇರಿರುತ್ತವೆ.

ಎರಡನೆಯದು ಕೊಡದೆ ಉಳಿದ ಸೂಟಿ. ಹಿರಿಯರಿಗೆ ಜ್ವರ ಬಂದಾಗ, ಮಕ್ಕಳು ಬರಲಾಗದಿದ್ದಾಗ ಆರು ವಾರ ಅವರು ಮನೆಗೆ ಹೋಗಲಿಲ್ಲ ಎಂದಿಟ್ಟುಕೊಳ್ಳಿ. ಒಂದು ದಿನದ ದರ ತೆಗೆಯಲು ಪಗಾರವನ್ನು 26ರಿಂದ ಭಾಗಿಸಬೇಕು, ಏಕೆಂದರೆ ವಾರಕ್ಕೊಂದು ಸೂಟಿ ಬಿಟ್ಟರೆ ತಿಂಗಳಿಗೆ ಉಳಿಯುವ ಕೆಲಸದ ದಿನ ಸುಮಾರು ಅಷ್ಟು. 600 ರೂಪಾಯಿ ಬರುತ್ತದೆ, ಆರು ದಿನಕ್ಕೆ 3,600. ತಪ್ಪುವುದು ಹೆಚ್ಚಾಗಿ ಇಲ್ಲೇ. “ಊಟ-ವಸತಿ ಮನೆಯಲ್ಲೇ ಇತ್ತಲ್ಲ” ಎಂದು ಈ ದಿನಗಳನ್ನು ಬಿಟ್ಟುಬಿಡುತ್ತಾರೆ. ಊಟ-ವಸತಿ ಕೆಲಸದ ಒಪ್ಪಂದದಲ್ಲೇ ಇದ್ದದ್ದು, ಸೂಟಿ ಬಿಟ್ಟು ದುಡಿದುದಕ್ಕೆ ಕೊಟ್ಟ ಕೂಲಿಯಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದರೆ ವಾದವೇ ಇಲ್ಲ. ಗುರುತಿಲ್ಲದಿದ್ದರೆ ಇಬ್ಬರೂ ಕೂತು, ಜಾತ್ರೆ, ಹಬ್ಬ, ಆಸ್ಪತ್ರೆಗೆ ಹೋದ ದಿನಗಳನ್ನು ನೆನಪಿಸಿಕೊಂಡು ಒಂದು ಸಂಖ್ಯೆಗೆ ಬರಬೇಕು. ಅನುಮಾನ ಉಳಿದರೆ ಕೆಲಸ ಮಾಡಿದವರ ಎಣಿಕೆಗೆ ಒಪ್ಪುವುದು ಸರಿ, ಏಕೆಂದರೆ ಹಾಜರಿ ಬರೆದಿಡಬೇಕಾದವರು ಪಗಾರ ಕೊಡುವವರು.

ಮೂರನೆಯದು ಕೈಯಿಂದ ಹಾಕಿದ ಹಣ. ಡೈಪರ್, ಔಷಧಿ, ಟಂಟಂ ಬಾಡಿಗೆ ಎಂದು ಅವರು ಕೊಟ್ಟದ್ದು 640 ರೂಪಾಯಿ. ಚೀಟಿ ಇಲ್ಲದಿದ್ದರೂ ಅಂಗಡಿಯವರನ್ನು ಕೇಳಿದರೆ ತಿಳಿಯುವಷ್ಟು ಸಣ್ಣ ಊರು ಇದು.

ನಾಲ್ಕನೆಯದು ಸೇವೆಯ ಹಣ, ಅಂದರೆ ಗ್ರಾಚ್ಯುಟಿಯಂಥದ್ದು. ಒಂದು ಮನೆಯ ಮೇಲೆ ಕಾನೂನು ಇದನ್ನು ಹೇರುವುದಿಲ್ಲ. ಆದರೆ ಸಂಸ್ಥೆಗಳಲ್ಲಿ ನಡೆಯುವ ಲೆಕ್ಕ ಕೈಯಲ್ಲೇ ಇದೆ: ವರ್ಷಕ್ಕೆ ಹದಿನೈದು ದಿನದ ಪಗಾರ, ಆರು ತಿಂಗಳಿಗಿಂತ ಹೆಚ್ಚಿನ ಭಾಗವನ್ನು ಪೂರ್ತಿ ವರ್ಷವೆಂದು ಹಿಡಿಯುವುದು. ಈ ಹೆಣ್ಣುಮಗಳು ಒಂದು ವರ್ಷ ಹತ್ತು ತಿಂಗಳ ಮೇಲೆ ಇಪ್ಪತ್ತು ದಿನ ದುಡಿದಿದ್ದಾರೆ, ಅದು ಎರಡು ವರ್ಷವಾಗುತ್ತದೆ. 600ರಂತೆ ಹದಿನೈದು ದಿನಕ್ಕೆ 9,000, ಎರಡು ವರ್ಷಕ್ಕೆ 18,000. ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಐದು ವರ್ಷ ತುಂಬಿದವರಿಗೆ ಮಾತ್ರ ಇದು ಸಿಗುತ್ತದೆ. ಆರೈಕೆಯ ಕೆಲಸಕ್ಕೆ ಆ ಐದು ವರ್ಷದ ಗೆರೆ ಹೊಂದುವುದಿಲ್ಲ. ಹಾಸಿಗೆ ಹಿಡಿದವರ ಬದುಕೇ ಎಷ್ಟೋ ಸಲ ಅಷ್ಟು ಕಾಲ ನಡೆಯುವುದಿಲ್ಲ, ಅದು ಕೆಲಸ ಮಾಡಿದವರ ಕೈಯಲ್ಲಿರುವ ವಿಷಯವೂ ಅಲ್ಲ. ಒಮ್ಮೆಗೇ ಇಷ್ಟು ಕೊಡಲಾಗದ ಮನೆ ಕೆಲಸದ ಮೊದಲ ತಿಂಗಳಿನಿಂದಲೇ ಪ್ರತಿ ತಿಂಗಳು 750 ರೂಪಾಯಿಯಂತೆ ಅಂಚೆ ಕಚೇರಿಯ ಆರ್‌ಡಿಯಲ್ಲಿ ಇಟ್ಟರೆ ಭಾರವಾಗುವುದಿಲ್ಲ.

ಕೂಡಿದರೆ 32,640. ಮುಂಗಡದ 4,000 ಕಳೆದರೆ ಕೈಗೆ ಬರುವುದು 28,640 ರೂಪಾಯಿ. ಸೇವೆಯ ಹಣ ಕೊಡದ ಮನೆಯಲ್ಲೂ 10,640 ರೂಪಾಯಿ ಕೊಡಲೇಬೇಕಾದ ಬಾಕಿ. ಮಗ ಹತ್ತು ದಿನ ಮೊದಲೇ ಬಂದು ತಾಯಿಯನ್ನು ಕರೆದೊಯ್ದರೂ ಜೂನ್ 20ರವರೆಗಿನ ಪಗಾರ ಕಡಿಮೆಯಾಗಬಾರದು, ಮುನ್ಸೂಚನೆ ಕೊಟ್ಟದ್ದು ಆ ದಿನದವರೆಗೆ.

ಒಡೆದ ಪಾತ್ರೆ, ಹಾಳಾದ ಮಿಕ್ಸರ್, ಕಾಣದ ವಸ್ತು ಎಂದು ಈ ಲೆಕ್ಕದಲ್ಲಿ ಕಳೆಯಬಾರದು. ಕಳುವಿನ ಅನುಮಾನ ನಿಜಕ್ಕೂ ಇದ್ದರೆ ಅದು ಪೊಲೀಸರ ಕೆಲಸ, ಪಗಾರ ಹಿಡಿದಿಡುವುದಕ್ಕೆ ಕಾರಣವಲ್ಲ. ಅವರ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಬಟ್ಟೆಯ ಗಂಟನ್ನು ಅಡವಿನಂತೆ ಇಟ್ಟುಕೊಳ್ಳುವ ಹಕ್ಕೂ ಯಾರಿಗೂ ಇಲ್ಲ. ಅವರೇ ಕೆಲಸ ಬಿಡುತ್ತೇನೆಂದಾಗಲೂ ದುಡಿದ ದಿನದ ಹಣ ಅವರದೇ. “ಹೇಳದೇ ಹೋದಳು” ಎಂದು ಆ ತಿಂಗಳ ಪಗಾರ ನುಂಗುವುದು ಸಾಮಾನ್ಯವಾಗಿದೆ. ಅದು ತಪ್ಪು.

ಹಣ ಅವರದೇ ಹೆಸರಿನ ಖಾತೆಗೆ ಹೋಗಲಿ, ಗಂಡನ ಅಥವಾ ಅಣ್ಣನ ಖಾತೆಗೆ ಅಲ್ಲ. ನಗದು ಕೊಡುವುದಾದರೆ ಮೇಲಿನ ಪ್ರತಿ ಬಾಬನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದ ಒಂದು ಹಾಳೆ ಮಾಡಿ, ಓದಿ ಹೇಳಿ, ಎರಡು ಪ್ರತಿಗೆ ಸಹಿ ಹಾಕಿಸಬೇಕು. 5,000 ರೂಪಾಯಿ ಮೀರಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಬೇಕು. ಖಾಲಿ ಹಾಳೆಗೆ ಸಹಿ ಅಥವಾ ಹೆಬ್ಬೆಟ್ಟು ಕೇಳುವವರಿಗೆ ಕೊಡಬಾರದು.

ಏಜೆನ್ಸಿ ಮೂಲಕ ಬಂದವರಿದ್ದರೆ ಏಜೆನ್ಸಿಗೂ ಬರವಣಿಗೆಯಲ್ಲಿ ತಿಳಿಸಬೇಕು, ಮತ್ತು ಮನೆಯವರು ಕಟ್ಟಿದ ಹಣದಲ್ಲಿ ಕೊನೆಯ ತಿಂಗಳ ಪಗಾರ ಅವರ ಕೈಗೆ ಮುಟ್ಟಿತೇ ಎಂದು ಅವರನ್ನೇ ಕೇಳಬೇಕು.

ಹಿರಿಯರು ತೀರಿಕೊಂಡಾಗ

ಇಲ್ಲಿ ಮುನ್ಸೂಚನೆಗೆ ಎಡೆಯಿಲ್ಲ. ಕೆಲಸ ಒಂದು ರಾತ್ರಿಯಲ್ಲಿ ನಿಲ್ಲುತ್ತದೆ, ಮನೆಯವರು ದುಃಖದಲ್ಲಿರುತ್ತಾರೆ, ಪಗಾರದ ಮಾತೆತ್ತಲು ಆರೈಕೆ ಮಾಡಿದವರಿಗೆ ಬಾಯಿ ಬರುವುದಿಲ್ಲ. ಆದ್ದರಿಂದ ಮಾತು ಮನೆಯ ಕಡೆಯಿಂದಲೇ ಬರಬೇಕು. ತೀರಿಕೊಂಡ ದಿನದಿಂದ ಒಂದು ತಿಂಗಳ ಪಗಾರವನ್ನು ಮುನ್ಸೂಚನೆಯ ಬದಲಿಗೆ ಕೊಡುವುದು ಸರಿಯಾದ ಕ್ರಮ. ದಿನಕರ್ಮ ಮುಗಿಯುವವರೆಗೆ ಅವರು ಮನೆಯಲ್ಲಿದ್ದು ಬಂದವರಿಗೆ ಅಡುಗೆ ಮಾಡಿ, ಪಾತ್ರೆ ತೊಳೆದು ನಿಂತಿದ್ದರೆ ಅವು ಕೆಲಸದ ದಿನಗಳೇ. ಅವುಗಳ ಕೂಲಿಯನ್ನು ಆ ತಿಂಗಳ ಹಣದಲ್ಲಿ ಸೇರಿಸಿಬಿಡದೆ ಬೇರೆಯಾಗಿ ಕೊಡಬೇಕು. ಕೊನೆಗೆ ಸೀರೆ ಉಡಿಸಿ, ಉಡಿ ತುಂಬಿ ಕಳಿಸುವುದು ಈ ಭಾಗದ ಒಳ್ಳೆಯ ವಾಡಿಕೆ. ಆದರೆ ಸೀರೆಯ ಬೆಲೆಯನ್ನು ಲೆಕ್ಕದಲ್ಲಿ ಹಿಡಿಯುವುದಾಗಲಿ, ಸೀರೆ ಕೊಟ್ಟೆವಲ್ಲ ಎಂದು ಬಾಕಿ ಮರೆಯುವುದಾಗಲಿ ಆಗಬಾರದು. ಮಕ್ಕಳು ತಮ್ಮ ತಮ್ಮ ಊರಿಗೆ ಚದುರುವ ಮೊದಲೇ, ಯಾರು ಎಷ್ಟು ಕೊಡಬೇಕೆಂದು ತೀರ್ಮಾನಿಸಿ ಒಬ್ಬರು ಹೊಣೆ ಹೊರಬೇಕು. ಅಣ್ಣ ಕೊಡುತ್ತಾನೆಂದು ತಮ್ಮ, ತಮ್ಮ ಕೊಡುತ್ತಾನೆಂದು ಅಣ್ಣ ಸುಮ್ಮನಿದ್ದು ಹಣ ನಿಂತುಹೋಗುವುದು ಇಂಥ ಮನೆಗಳಲ್ಲೇ.

ಪರಿಚಯ ಪತ್ರ

ಪರಿಚಯ ಪತ್ರವಿಲ್ಲದೆ ಬಿಟ್ಟುಹೋದವರು ಮುಂದಿನ ಮನೆಯಲ್ಲಿ ಮತ್ತೆ ಹೊಸಬರಂತೆ, ಹೊಸಬರ ಪಗಾರದಿಂದಲೇ ಶುರುಮಾಡಬೇಕಾಗುತ್ತದೆ. ಗೋಕಾಕದಲ್ಲೋ ಬೆಳಗಾವಿಯಲ್ಲೋ ಪರಿಚಯವಿಲ್ಲದ ಮನೆಯವರು ಕೇಳುವುದು ಮೂರೇ ಪ್ರಶ್ನೆ: ಎಷ್ಟು ಕಾಲ ಇದ್ದರು, ಏನೇನು ಮಾಡಬಲ್ಲರು, ಯಾಕೆ ಬಿಟ್ಟರು. ಪತ್ರ ಈ ಮೂರಕ್ಕೆ ಉತ್ತರ ಕೊಡಬೇಕು. “ಒಳ್ಳೆಯ ನಡತೆಯವರು, ನಂಬಿಗಸ್ತರು” ಎಂಬ ಬರೀ ಹೊಗಳಿಕೆ ಯಾರಿಗೂ ಉಪಯೋಗವಿಲ್ಲ. ಮೇಲಿನ ಉದಾಹರಣೆಯ ಮನೆಯವರು ಹೀಗೆ ಬರೆಯಬಹುದು:

“ಇವರು 2023ರ ಆಗಸ್ಟ್ 1ರಿಂದ 2025ರ ಜೂನ್ 20ರವರೆಗೆ ಕೌಜಲಗಿಯ ನಮ್ಮ ಮನೆಯಲ್ಲಿದ್ದು ನಮ್ಮ ತಾಯಿಯವರನ್ನು ಹಗಲು-ರಾತ್ರಿ ನೋಡಿಕೊಂಡಿದ್ದಾರೆ. ತಾಯಿಯವರು ಸ್ವತಃ ಎದ್ದು ನಡೆಯಲಾರರು. ಅವರನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವುದು, ಸ್ನಾನ, ಡೈಪರ್ ಬದಲಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವುದು, ವೈದ್ಯರ ಚೀಟಿಯಂತೆ ಗುಳಿಗೆ ಕೊಡುವುದು, ಮೆತ್ತಗಿನ ಅಡುಗೆ ಮಾಡಿ ಉಣಿಸುವುದು ಇವರ ಕೆಲಸವಾಗಿತ್ತು. ಈ ಅವಧಿಯಲ್ಲಿ ತಾಯಿಯವರಿಗೆ ಬೆನ್ನುಹುಣ್ಣು ಆಗಲಿಲ್ಲ. ತಾಯಿಯವರನ್ನು ಬೆಳಗಾವಿಗೆ ಕರೆದೊಯ್ಯುತ್ತಿರುವುದರಿಂದ ಇವರ ಕೆಲಸ ಮುಗಿದಿದೆ. ಹೆಚ್ಚಿನ ವಿಚಾರಣೆಗೆ ನನ್ನನ್ನು ಸಂಪರ್ಕಿಸಬಹುದು.”

ಕೆಳಗೆ ಪೂರ್ಣ ಹೆಸರು, ವಿಳಾಸ, ಫೋನ್ ನಂಬರು, ತಾರೀಖು, ಸಹಿ. ಬೆನ್ನುಹುಣ್ಣು ಆಗಲಿಲ್ಲ ಎಂಬ ಸಾಲಿಗೆ ಇಡೀ ಪತ್ರದಷ್ಟು ತೂಕವಿದೆ. ವರ್ಷಗಟ್ಟಲೆ ಹಾಸಿಗೆಯಲ್ಲಿದ್ದವರ ಚರ್ಮ ಒಡೆಯದಿರಬೇಕಾದರೆ ರಾತ್ರಿಯೂ ಎದ್ದು ಹೊರಳಿಸಬೇಕು, ಅದನ್ನು ಬಲ್ಲವರಿಗೆ ಆ ಒಂದು ಸಾಲಿನಲ್ಲೇ ಎಲ್ಲ ತಿಳಿಯುತ್ತದೆ. ನಿಜವಲ್ಲದಿದ್ದರೆ ಬರೆಯಬಾರದು. ತರಬೇತಿ ಪಡೆಯದವರನ್ನು ‘ನರ್ಸ್’ ಎಂದು ಬರೆಯುವುದೂ ತಪ್ಪು. ಮುಂದಿನ ಮನೆಯವರು ಅದನ್ನು ನಂಬಿ ಇನ್ಸುಲಿನ್, ಮೂಗಿನ ನಳಿಕೆಯ ಕೆಲಸ ಒಪ್ಪಿಸಿದರೆ ಇಬ್ಬರಿಗೂ ಅಪಾಯ. ಹಿರಿಯರ ಕಾಯಿಲೆಯ ಹೆಸರು, ಮನೆಯ ಒಳಮಾತು ಪತ್ರದಲ್ಲಿ ಬೇಡ.

ಕೆಲಸ ತೃಪ್ತಿ ತಂದಿರದಿದ್ದರೆ ಸುಳ್ಳು ಹೊಗಳಬೇಕಿಲ್ಲ. ಬಂದ ದಿನ, ಬಿಟ್ಟ ದಿನ, ಮಾಡಿದ ಕೆಲಸ ಇಷ್ಟನ್ನೇ ಬರೆದು ಸಹಿ ಹಾಕಬಹುದು. ದುಡಿದ ಕಾಲ ನಿಜವಾದದ್ದು, ಅದರ ದಾಖಲೆ ಅವರಿಗೆ ಸಿಗಬೇಕು. ಪತ್ರವನ್ನು ಅವರ ಮುಂದೆ ಓದಿ, ಸಹಿ ಹಾಕಿದ ಎರಡು ಪ್ರತಿ ಕೊಟ್ಟು, ಅವರ ಫೋನಿನಲ್ಲೂ ಒಂದು ಫೋಟೊ ಉಳಿಸಿಕೊಟ್ಟರೆ ಕಾಗದ ಕಳೆದರೂ ಕೆಲಸ ನಿಲ್ಲುವುದಿಲ್ಲ. ಆರು ತಿಂಗಳ ಮೇಲೆ ಬೇರೆ ಊರಿನಿಂದ ಫೋನ್ ಬಂದಾಗ ಎತ್ತಿ ಮಾತಾಡುವುದೂ ಪರಿಚಯ ಪತ್ರದ ಭಾಗವೇ.

ಇದೇ ಹೊತ್ತಿನಲ್ಲಿ ಇ-ಶ್ರಮ ಕಾರ್ಡು ಆಗಿದೆಯೇ ಎಂದೂ ಕೇಳಬೇಕು. 16ರಿಂದ 59 ವರ್ಷದೊಳಗಿನ ಅಸಂಘಟಿತ ಕಾರ್ಮಿಕರಿಗಾಗಿ 2021ರ ಆಗಸ್ಟ್‌ನಲ್ಲಿ ಶುರುವಾದ ಈ ನೋಂದಣಿಯಲ್ಲಿ ಮನೆಗೆಲಸದವರೂ ಸೇರುತ್ತಾರೆ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಮೊಬೈಲ್ ಹಿಡಿದು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋದರೆ ಆಗುವ ಕೆಲಸ ಅದು.

ಹಣ ಸಿಗದೇ ಹೋದರೆ

ಮೊದಲು ಬಾಕಿಯ ಪಟ್ಟಿಯನ್ನು ಬರೆದು, ತಾರೀಖು ಹಾಕಿ, ಮನೆಯವರಿಗೆ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಬೇಕು. ಪಗಾರ ಬಂದ ಹಳೆಯ ಬ್ಯಾಂಕ್ ನಮೂದು, ಫೋನ್‌ಪೇ ಸಂದೇಶ, ಆಸ್ಪತ್ರೆಯ ಚೀಟಿಯಲ್ಲಿ ಜೊತೆಗೆ ಬಂದವರೆಂದು ಇರುವ ಹೆಸರು, ನೆರೆಯವರ ಮಾತು ಇವೆಲ್ಲ ಕೆಲಸ ಮಾಡಿದ್ದಕ್ಕೆ ಸಾಕ್ಷಿ. ಆಮೇಲೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ಅರ್ಜಿ ಕೊಡಬಹುದು. ಇಲಾಖೆಯ ಸಹಾಯವಾಣಿ 155214. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟ ದೂರು ಇಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಮುನ್ಸೂಚನೆಯ ಹಣ, ಸೇವೆಯ ಹಣದ ಕೇಳಿಕೆ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ, ಅದಕ್ಕೆ ಮೊದಲೇ ಬರೆದುಕೊಂಡ ಒಪ್ಪಂದ ಬೇಕು. ವಕೀಲರ ಸಲಹೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ, ಕಾನೂನು ನೆರವಿನ ರಾಷ್ಟ್ರೀಯ ಸಹಾಯವಾಣಿ 15100. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಈ ನೆರವು ಉಚಿತ.